ಹಬ್ಬದ ಬ್ಲೌಸ್: ಸೀರೆಯ ಪೀಸಾ, ಬೇರೆ ಬಟ್ಟೆಯಾ, ಮಗ್ಗದ ಕೆಲಸವಾ?

ಆಷಾಢ ಮುಗಿಯುವ ವಾರ ಬಂತೆಂದರೆ ನಮ್ಮ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಅಕ್ಕಾ, ವರಮಹಾಲಕ್ಷ್ಮಿಗೆ ಆಗುತ್ತಾ?" ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಆ ಹಬ್ಬ. ಅದಾದ ಮೇಲೆ ಗೌರಿ, ಆಮೇಲೆ ದಸರಾ. ಆಷಾಢದ ಸೇಲಿನಲ್ಲಿ ಕೊಂಡ ಸೀರೆ ನಾಲ್ಕು ವಾರ ಬೀರುವಿನಲ್ಲಿ ಮಲಗಿರುತ್ತದೆ. ಶ್ರಾವಣ ಹುಟ್ಟಿದ ಮರುದಿನ ಅಷ್ಟೂ ಸೀರೆಗಳು ಒಟ್ಟಿಗೆ ನಮ್ಮ ಮೇಜಿನ ಮೇಲೆ ಬಂದು ಬೀಳುತ್ತವೆ. ಅದೇ ಆಷಾಢದಲ್ಲಿ ಮದುವೆಗಳಿಲ್ಲದೆ ನಮ್ಮ ಮಗ್ಗದ ಹುಡುಗರು ಕೈ ಕಟ್ಟಿ ಕೂತಿರುತ್ತಾರೆ. ಇದನ್ನು ಯಾರಿಗೆ ಹೇಳೋಣ?

ಬ್ಲೌಸ್ ಆರಿಸುವಾಗ ಎಲ್ಲರೂ ಮೊದಲು ಫೋನಿನಲ್ಲಿರುವ ಡಿಸೈನ್ ತೋರಿಸುತ್ತಾರೆ. ನಾನು ಮೊದಲು ಕೇಳುವುದು ಎರಡೇ. ಬಟ್ಟೆ ಎಷ್ಟಿದೆ? ದಿನ ಎಷ್ಟಿದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಡಿಸೈನ್‌ಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಉಳಿದವುಗಳಲ್ಲಿ ಆರಿಸುವುದು ಸುಲಭ.

ಸೀರೆಯ ಜೊತೆ ಬಂದ ಪೀಸು ಸಾಕಾಗುತ್ತದೆಯೇ?

ರೇಷ್ಮೆ ಸೀರೆಗಳಲ್ಲಿ ಸಾಮಾನ್ಯವಾಗಿ ಕೊನೆಯ 80 ಸೆಂಟಿಮೀಟರ್ ಬ್ಲೌಸ್‌ಗೆಂದು ಇರುತ್ತದೆ. ಅಂದರೆ ಸುಮಾರು 31 ಮುಕ್ಕಾಲು ಇಂಚು ಅಂದುಕೊಳ್ಳಬೇಡಿ, ಸರಿಯಾಗಿ 31 ಅರೆ. ಆ ಕಾಲು ಇಂಚಿಗೂ ನಮ್ಮಲ್ಲಿ ಬೆಲೆ ಇದೆ. ಏಕೆಂದರೆ ತೋಳಿಗೆ ಸೀರೆಯ ಅಂಚು ಬರಬೇಕಾದರೆ ಎರಡೂ ತೋಳುಗಳನ್ನು ಅಂಚಿನ ಮೇಲೆ ಅಕ್ಕಪಕ್ಕ ಇಟ್ಟು ಕತ್ತರಿಸಬೇಕು. ಅಂದರೆ ಒಂದು ತೋಳಿಗೆ ಸಿಗುವ ಅಗಲ 15 ಮುಕ್ಕಾಲು ಇಂಚು, ಹೊಲಿಗೆಯ ಜಾಗವೂ ಅದರಲ್ಲೇ ಸೇರಿ.

ಕಳೆದ ಶ್ರಾವಣದ ಒಂದು ಬ್ಲೌಸ್ ಹೇಳುತ್ತೇನೆ. ನಮ್ಮ ಬಡಾವಣೆಯ ಒಬ್ಬ ಟೀಚರ್ ಬಾಟಲ್ ಗ್ರೀನ್ ಮೈಸೂರು ಸಿಲ್ಕ್ ತಂದರು. ಒಂದು ಕಡೆ ನಾಲ್ಕು ಇಂಚಿನ ಜರಿ ಅಂಚು, ಇನ್ನೊಂದು ಕಡೆ ಸಣ್ಣ ಗೆರೆ. ಹಬ್ಬಕ್ಕೆ 11 ದಿನ ಇತ್ತು. ಅವರಿಗೆ ಬೇಕಾಗಿದ್ದು ಮೊಣಕೈವರೆಗಿನ ತೋಳು, ತೋಳಿಗೆ ಅಂಚು, ಅಂಚಿನ ಮೇಲೆ ಮಗ್ಗದ ಕೆಲಸ.

ಅಳತೆ ತೆಗೆದೆ. ತೋಳಿನ ದಪ್ಪ ಭಾಗದ ಸುತ್ತಳತೆ 14 ಅರೆ. ಕೈ ಆಡಲು ಒಂದೂವರೆ ಇಂಚು ಸೇರಿಸಿದರೆ 16. ಮುಂದೆ ಬಿಚ್ಚಿ ದೊಡ್ಡದು ಮಾಡಲು ಎರಡು ಬದಿಗೂ ಒಂದೊಂದು ಇಂಚು ಒಳಗೆ ಬಿಟ್ಟರೆ 18. ಎರಡು ತೋಳಿಗೆ 36. ಪೀಸಿನಲ್ಲಿ ಇರುವುದು 31 ಅರೆ. ನಾಲ್ಕೂವರೆ ಇಂಚು ಕಡಿಮೆ.

"ಹಾಗಾದರೆ ಆಗೋದೇ ಇಲ್ವಾ ಅಕ್ಕಾ?" ಅಂದರು.

"ಆಗುತ್ತೆ ಮೇಡಂ, ಕಂಕುಳ ಕೆಳಗೆ ಒಂದು ತುಂಡು ಸೇರಿಸ್ತೀನಿ. ಕೈ ಎತ್ತಿದರೂ ಕಾಣಲ್ಲ" ಅಂದೆ.

ಅದು ಹೇಗೆಂದರೆ, ತೋಳು ದಪ್ಪ ಇರುವುದು ಮೇಲೆ ಮಾತ್ರ. ಮೊಣಕೈ ಹತ್ತಿರ ಅವರ ಸುತ್ತಳತೆ 12 ಅರೆ. ಅಲ್ಲಿ ಸಡಿಲ, ಮಾರ್ಜಿನ್ ಎಲ್ಲ ಸೇರಿ 15 ಇಂಚು ಸಾಕು, ನಮಗೆ ಸಿಗುವುದು 15 ಮುಕ್ಕಾಲು. ಹಾಗಾಗಿ ಅಂಚು ಎಲ್ಲೂ ಕಡಿಯದೆ ಪೂರ್ತಿ ಸುತ್ತ ಬರುತ್ತದೆ. ಕಂಕುಳ ಹತ್ತಿರ ಮಾತ್ರ ಪೀಸಿನ ನಡುಭಾಗದಲ್ಲಿ ಉಳಿದ ಬಟ್ಟೆಯಿಂದ ತ್ರಿಕೋನದ ಒಂದು ತುಂಡು ಸೇರುತ್ತದೆ. ಇದನ್ನು ಮೊದಲೇ ಹೇಳದೆ ಮಾಡಿಬಿಟ್ಟರೆ "ತೇಪೆ ಹಾಕಿದ್ದೀರಿ" ಅಂತ ಜಗಳ ಆಗುತ್ತದೆ. ಹೇಳಿ ಮಾಡಿದರೆ ಸಮಾಧಾನ. ನಿಮ್ಮ ಟೈಲರ್ ಬಟ್ಟೆ ಸಾಲದು ಎಂದಾಗ "ಎಲ್ಲಿ ಸಾಲದು, ಮೇಲಾ ಕೆಳಗಾ?" ಎಂದು ಕೇಳಿ. ಮೇಲೆ ಮಾತ್ರ ಸಾಲದಿದ್ದರೆ ಜಾಯಿಂಟ್ ಸಾಕು. ಕೆಳಗೂ ಸಾಲದಿದ್ದರೆ ಅಂಚಿನ ಆಸೆ ಬಿಡಿ, ಬೇರೆ ಬಟ್ಟೆ ನೋಡಿ. ಎರಡೂ ಕಡೆ ಒಂದೇ ಅಳತೆಯ ಅಂಚಿರುವ ಸೀರೆಯಾದರೆ ಇನ್ನೊಂದು ದಾರಿಯೂ ಇದೆ, ಒಂದು ತೋಳನ್ನು ಈ ಕಡೆಯಿಂದ, ಇನ್ನೊಂದನ್ನು ಆ ಕಡೆಯಿಂದ ತೆಗೆಯಬಹುದು.

ಮಗ್ಗದ ಕೆಲಸ ಮಾತ್ರ ಬೇಡ ಎಂದೆ. ದಿನ ಕಡಿಮೆ ಎನ್ನುವುದು ಒಂದು ಕಾರಣ. ದೊಡ್ಡ ಕಾರಣ ಬಟ್ಟೆ. ಮೈಸೂರು ಸಿಲ್ಕ್ ಕ್ರೇಪ್, ಹುರಿ ಹಾಕಿದ ನೂಲಿನಿಂದ ನೇಯ್ದದ್ದು. ನೀರಿನ ಹಾಗೆ ಜಾರುತ್ತದೆ, ಅದೇ ಅದರ ಚಂದ. ಅದರ ಮೇಲೆ ಮಣಿ, ಜರ್ದೋಸಿ ಹೇರಿದರೆ ಕೆಲಸದ ಭಾರಕ್ಕೆ ಬಟ್ಟೆ ಜಗ್ಗಿ ಸುತ್ತಮುತ್ತ ಸುಕ್ಕು ಬೀಳುತ್ತದೆ. ಅಷ್ಟು ಒಳ್ಳೆಯ ಜರಿ ಅಂಚಿನ ಮೇಲೆ ಇನ್ನೊಂದು ಹೊಳಪು ಯಾಕೆ ಬೇಕು? ಕೊನೆಗೆ ಕೊರಳಿಗೆ ಸಾಸಿವೆ ಬಣ್ಣದ ತೆಳು ಪೈಪಿಂಗ್, ಬೆನ್ನಿಗೆ ಪಾಟ್ ನೆಕ್, ಅಷ್ಟೇ. ಎಂಟನೇ ದಿನ ಕೊಟ್ಟೆವು.

ಬೇರೆ ಬಟ್ಟೆ ತೆಗೆದುಕೊಳ್ಳುವುದಾದರೆ

ಸೀರೆಯ ಪೀಸನ್ನು ಸೀರೆಯಲ್ಲೇ ಬಿಟ್ಟು ಬೇರೆ ಬಣ್ಣದ ಬ್ಲೌಸ್ ಹೊಲಿಸುವುದು ಈಗ ಜಾಸ್ತಿ. ಎತ್ತರ ಇರುವವರಿಗೆ ಇದರಿಂದ ನೆರಿಗೆಗೂ ಒಂದಿಷ್ಟು ಬಟ್ಟೆ ಹೆಚ್ಚು ಸಿಗುತ್ತದೆ. ಮೊಣಕೈ ತೋಳಿಗೆ 1 ಮೀಟರ್ ತನ್ನಿ. ಗಿಡ್ಡ ತೋಳಿಗೆ 80 ಸೆಂಟಿಮೀಟರ್ ಸಾಕು, ಆದರೆ ಬಟ್ಟೆಯ ಪನ್ನ 44 ಇಂಚು ಇದ್ದಾಗ ಮಾತ್ರ ಈ ಲೆಕ್ಕ.

ಮಗ್ಗದ ಕೆಲಸ ಬೇಕೇ ಬೇಕು ಅನ್ನುವವರಿಗೆ ನನ್ನ ಆಯ್ಕೆ ರಾ ಸಿಲ್ಕ್. ಗಟ್ಟಿ ಮೈ, ಸೂಜಿಯನ್ನು ತಡೆದುಕೊಳ್ಳುತ್ತದೆ, ಭಾರವನ್ನೂ ಹೊರುತ್ತದೆ. ಒಂದೇ ತೊಂದರೆ, ಆ ಹೆಸರಿನಲ್ಲಿ ಪಾಲಿಸ್ಟರ್ ಬಟ್ಟೆಯನ್ನೂ ಮಾರುತ್ತಾರೆ. ತುದಿಯಿಂದ ನಾಲ್ಕು ಎಳೆ ಎಳೆದು ಬೆಂಕಿ ತಾಗಿಸಿ ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಉದ್ದದ ಎಳೆ, ಅಡ್ಡದ ಎಳೆ ಎರಡನ್ನೂ ಸುಟ್ಟು ನೋಡಬೇಕು. ಒಂದು ರೇಷ್ಮೆ, ಇನ್ನೊಂದು ಬೇರೆ ಇರುವ ಬಟ್ಟೆಗಳೂ ಇವೆ. ಪಾಲಿಸ್ಟರ್ ಕೆಟ್ಟದ್ದು ಎಂದಲ್ಲ. ರೇಷ್ಮೆಯ ಬೆಲೆ ಕೊಟ್ಟು ಅದನ್ನು ತರಬೇಡಿ, ಅಷ್ಟೇ.

ದಿನ ಕಡಿಮೆ ಇದೆ, ಆದರೂ ಹಬ್ಬದ ಕಳೆ ಬೇಕು ಅನ್ನುವವರಿಗೆ ಬ್ರೋಕೇಡ್. ನೇಯ್ಗೆಯಲ್ಲೇ ಹೂವು ಬಂದಿರುತ್ತದೆ, ಯಾವ ವರ್ಕೂ ಬೇಡ. ಸುಮ್ನೆ ಒಂದು ಒಳ್ಳೆಯ ಕಟಿಂಗ್ ಸಾಕು. ಆದರೆ ಅದರ ಒಳಮೈ ಒಮ್ಮೆ ಮುಟ್ಟಿ ನೋಡಿ. ಜರಿ ಎಳೆಗಳು ಹಿಂದೆ ಸಡಿಲವಾಗಿ ಓಡಿರುತ್ತವೆ, ಮೈಗೆ ಚುಚ್ಚುತ್ತವೆ, ಬಳೆಗೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತವೆ. ತೋಳಿಗೂ ಲೈನಿಂಗ್ ಹಾಕಿಸಲೇಬೇಕು. ಇನ್ನೊಂದು, ಕತ್ತರಿಸಿದ ತುದಿಯಲ್ಲಿ ಬ್ರೋಕೇಡ್ ಬೇಗ ಎಳೆ ಬಿಡುತ್ತದೆ. ಬಿಗಿಯಾಗಿ ಹೊಲಿಸಿದರೆ ಬೆನ್ನಿಗೆ ತೋಳು ಕೂಡಿಸಿದ ಜಾಗದಲ್ಲಿ ಹೊಲಿಗೆ ಬಾಯಿ ಬಿಟ್ಟು ಎಳೆಗಳು ಏಣಿಯ ಹಾಗೆ ಕಾಣಿಸುತ್ತವೆ. ಹಾಗಾಗಿ ಇದರಲ್ಲಿ ಅರ್ಧ ಇಂಚು ಸಡಿಲ ಇರಲಿ.

ಗುಳೇದಗುಡ್ಡದ ಖಣ ಇಷ್ಟಪಡುವವರು ಮತ್ತೆ ಹೆಚ್ಚಾಗಿದ್ದಾರೆ, ನನಗಂತೂ ಖುಷಿ. ಇಳಕಲ್ ಸೀರೆಗೆ ಅದು ಹೇಗೂ ಜೋಡಿ. ಸಾದಾ ಹತ್ತಿ ಸೀರೆಗೂ ಗೌರಿ ಹಬ್ಬದ ಮೆರುಗು ಕೊಡುತ್ತದೆ. ಆದರೆ ಖಣದ ಪನ್ನ ಬೇರೆ ಬಟ್ಟೆಗಿಂತ ಕಡಿಮೆ ಇರುತ್ತದೆ. ಅಂಗಡಿಯಲ್ಲೇ ಟೇಪು ಹಿಡಿದು ಅಳೆಯಿರಿ. ಉದ್ದ ತೋಳು ಬೇಕಿದ್ದರೆ ಒಂದು ಮೀಟರಿಗೆ ನಿಲ್ಲಿಸಬೇಡಿ. ಖಣದ ಮೇಲೆ ವರ್ಕ್ ಮಾಡಿಸಲು ಯಾರಾದರೂ ಬಂದರೆ ನಾನು ಒಪ್ಪುವುದಿಲ್ಲ. ಆ ಸಣ್ಣ ಬುಟ್ಟಾಗಳ ಮೇಲೆ ಮಣಿ ಕೂರಿಸಿದರೆ ಎರಡೂ ಕಾಣುವುದಿಲ್ಲ.

ಟಿಶ್ಯೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೋದಲ್ಲಿ ಚಂದ. ಒಂದು ಸಲ ಮಡಿಸಿದ ಗೆರೆ ಹೋಗಲ್ಲ.

ಒಳಗಿನ ಬಟ್ಟೆ

ಲೈನಿಂಗ್ ಯಾರೂ ಕೇಳುವುದಿಲ್ಲ, ಆದರೆ ಹಬ್ಬದ ಬ್ಲೌಸ್ ಕೆಡುವುದು ಹೆಚ್ಚಾಗಿ ಅಲ್ಲೇ. ಹತ್ತಿ ಲೈನಿಂಗ್ ನೀರು ಕಂಡರೆ ಕುಗ್ಗುತ್ತದೆ. ಅದಕ್ಕೆ ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ಅಂಗಡಿ ಶುರು ಮಾಡಿದ ಎರಡನೇ ವರ್ಷ ಗೌರಿ ಹಬ್ಬದ ಅವಸರದಲ್ಲಿ ನಾನೇ ಈ ಒಂದು ಹೆಜ್ಜೆ ಬಿಟ್ಟೆ. ಹಬ್ಬದ ದಿನ ಎಲ್ಲ ಸರಿ ಇತ್ತು. ಒಗೆದ ಮೇಲೆ ಒಳಗಿನದು ಗಿಡ್ಡ ಆಯಿತು, ಮೇಲಿನ ರೇಷ್ಮೆ ಸೊಂಟದ ಹತ್ತಿರ ಜೋಳಿಗೆಯ ಹಾಗೆ ಉಬ್ಬಿತು. ಬಿಚ್ಚಿ ಪೂರ್ತಿ ಹೊಸ ಲೈನಿಂಗ್ ಹಾಕಿ ಕೊಟ್ಟೆ, ದುಡ್ಡು ಕೇಳಲಿಲ್ಲ, ಕೇಳುವ ಮುಖ ಎಲ್ಲಿತ್ತು?

ಇನ್ನೊಂದು ಬಣ್ಣ. ಕೆಂಪು, ಮರೂನ್ ಲೈನಿಂಗ್‌ಗಳು ಬೆವರಿಗೆ ಬಣ್ಣ ಬಿಡುತ್ತವೆ. ಒದ್ದೆ ಮಾಡಿದ ಬಿಳಿ ಕರ್ಚೀಫನ್ನು ಲೈನಿಂಗ್ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ತಿಳಿ ಬಣ್ಣದ ರೇಷ್ಮೆಯ ಕಂಕುಳಲ್ಲಿ ಆ ಕಲೆ ಕೂತರೆ ಮತ್ತೆ ಹೋಗುವುದಿಲ್ಲ.

ಮಗ್ಗ, ಕಂಪ್ಯೂಟರ್, ರೆಡಿ ಪೀಸು

ವರ್ಕ್ ಎಂದರೆ ಈಗ ಮೂರು ದಾರಿ. ಕೈಯಲ್ಲಿ ಮಾಡುವುದನ್ನು ಕೆಲವರು ಆರಿ ಎನ್ನುತ್ತಾರೆ, ಕೆಲವರು ಮಗ್ಗಂ ಎನ್ನುತ್ತಾರೆ. ಮರದ ಚೌಕಟ್ಟಿಗೆ ಬಟ್ಟೆಯನ್ನು ತಮಟೆಯ ಹಾಗೆ ಬಿಗಿದು ಕಟ್ಟುತ್ತಾರೆ. ಡಿಸೈನ್ ಇರುವ ಕಾಗದಕ್ಕೆ ಸೂಜಿಯಲ್ಲಿ ಸಣ್ಣ ತೂತು ಹಾಕಿ, ಮೇಲೆ ಬಿಳಿ ಪುಡಿ ಕಲಸಿದ ಸೀಮೆಎಣ್ಣೆ ಒರೆಸಿದರೆ ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಡಿಸೈನ್ ಬೀಳುತ್ತದೆ. ಆಮೇಲೆ ಕೊಕ್ಕೆ ಸೂಜಿಯಲ್ಲಿ ಕೆಳಗಿನಿಂದ ದಾರ ಎಳೆದು ಎಳೆದು ತುಂಬುತ್ತಾರೆ.

ಇಲ್ಲಿ ತಿಳಿಯಬೇಕಾದದ್ದು ಒಂದಿದೆ. ಈ ಕೆಲಸ ಆಗುವುದು ಬ್ಲೌಸ್ ಕತ್ತರಿಸುವ ಮುಂಚೆ. ಬಟ್ಟೆಯ ಮೇಲೆ ನಿಮ್ಮ ಕೊರಳು, ತೋಳು ಬರೆದು ಮಗ್ಗಕ್ಕೆ ಏರಿಸುತ್ತೇವೆ. ಒಮ್ಮೆ ಏರಿದ ಮೇಲೆ "ಕೊರಳು ಇನ್ನೊಂದು ಇಂಚು ಇಳಿಸಿ" ಅಂದರೆ ಆಗುವುದಿಲ್ಲ, ಅಲ್ಲಿ ಆಗಲೇ ಮಣಿ ಕೂತಿರುತ್ತದೆ. ಹಾಗಾಗಿ ಎರಡು ವರ್ಷ ಹಿಂದಿನ ಅಳತೆ ಬ್ಲೌಸ್ ಕಳಿಸಿ ಮಗ್ಗದ ಕೆಲಸ ಹೇಳಬೇಡಿ. ಸ್ವತಃ ಬನ್ನಿ. ನಾನು ಮೊದಲು ಲೈನಿಂಗ್ ಬಟ್ಟೆಯನ್ನೇ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಮೈಗೆ ಇಟ್ಟು ನೋಡಿ ಆಮೇಲೆ ಮಗ್ಗಕ್ಕೆ ಕೊಡುತ್ತೇನೆ. ಒಂದು ದಿನ ಹೆಚ್ಚು ಹಿಡಿಯುತ್ತದೆ. ಆ ಒಂದು ದಿನ ನನಗೆ ಬೇಕೇ ಬೇಕು.

ಕಂಪ್ಯೂಟರ್ ಎಂಬ್ರಾಯ್ಡರಿ ಬೇಗ ಆಗುತ್ತದೆ, ಮಟ್ಟಸವಾಗಿರುತ್ತದೆ, ಒಗೆಯಲೂ ಸುಲಭ. ದಾರದ ಹೂಬಳ್ಳಿ, ನವಿಲು ಇಂಥದ್ದಕ್ಕೆ ಚೆನ್ನ. ಮಕ್ಕಳನ್ನು ಎತ್ತಿಕೊಂಡು ಹಬ್ಬ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ, ಮಗುವಿನ ಕೆನ್ನೆಗೆ ಮಣಿ ಗೀರುವುದಿಲ್ಲ. ಆದರೆ ಅಗ್ಗದ ಕೆಲಸವನ್ನು ಹಿಂದಿನಿಂದ ನೋಡಿ. ದಪ್ಪ ಬಿಳಿ ಕಾಗದದಂಥ ಹಾಳೆ ಹಾಗೇ ಉಳಿದಿದ್ದರೆ ಬೆನ್ನು ರಟ್ಟಿನ ಹಾಗೆ ನಿಲ್ಲುತ್ತದೆ.

ಮೂರನೆಯದು ರೆಡಿ ವರ್ಕ್ ಪೀಸು. ಪೇಟೆಯಲ್ಲಿ ಕೊರಳು, ತೋಳು ಎಲ್ಲ ಮಾಡಿಟ್ಟ ಬಟ್ಟೆ ಸಿಗುತ್ತದೆ, ತಂದುಕೊಟ್ಟರೆ ಹೊಲಿಯುವುದಷ್ಟೇ. ನೋಡಲು ಲಾಭ. ಆದರೆ ಕೊರಳಿನ ಅಗಲ ಅವರು ಇಟ್ಟಷ್ಟೇ. ಭುಜ ಕಿರಿದಾದವರಿಗೆ ಆ ಕೊರಳು ಅಗಲವಾಗಿ ಭುಜ ಜಾರುತ್ತದೆ. ಮೈ ತುಂಬಿದವರಿಗೆ ತೋಳಿನ ವರ್ಕ್ ಸುತ್ತ ಸೇರದೆ ಕಂಕುಳ ಕೆಳಗೆ ಬೋಳು ಜಾಗ ಉಳಿಯುತ್ತದೆ. ಕೊಳ್ಳುವ ಮುಂಚೆ ನಿಮಗೆ ಸರಿಯಾಗಿ ಕೂರುವ ಒಂದು ಬ್ಲೌಸನ್ನು ಆ ಪೀಸಿನ ಮೇಲೆ ಹಾಸಿ ನೋಡಿ. ಕೊರಳ ಅಗಲ ಅರ್ಧ ಇಂಚಿನ ಒಳಗೆ ಹೊಂದಿದರೆ ತನ್ನಿ, ಇಲ್ಲದಿದ್ದರೆ ಬಿಡಿ.

ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಲೆಕ್ಕ ಹೀಗೆ. ಒಂದೇ ಸೀರೆಗೆ ಹೊಂದುವ ಬ್ಲೌಸ್‌ಗೆ ಭಾರದ ಮಗ್ಗದ ಕೆಲಸ ಮಾಡಿಸಬೇಡಿ. ವರ್ಷಕ್ಕೆ ಒಂದು ಸಲ ಉಡುವ ಸೀರೆ, ಎರಡು ವರ್ಷದಲ್ಲಿ ಅಳತೆ ಬದಲಾಗುತ್ತದೆ. ಮರೂನ್, ಬಾಟಲ್ ಗ್ರೀನ್, ಹಳೇ ಚಿನ್ನದ ಬಣ್ಣ, ಇವು ಮೂರು ನಾಲ್ಕು ಸೀರೆಗೆ ಹೊಂದುತ್ತವೆ. ಕೆಲಸ ಮಾಡಿಸುವುದಿದ್ದರೆ ಅಂಥ ರಾ ಸಿಲ್ಕ್ ಮೇಲೆ ಮಾಡಿಸಿ, ಒಳಗೆ ಎರಡು ಬದಿಗೂ ಒಂದೊಂದು ಇಂಚು ಬಿಡಿಸಿಕೊಳ್ಳಿ.

ಬೆನ್ನಿನ ಡಿಸೈನ್

ಬೆನ್ನು ಆಳವಾಗಿ ಬೇಕು, ಕೊರಳು ಅಗಲವೂ ಬೇಕು, ಭುಜ ಜಾರಬಾರದು. ಈ ಮೂರೂ ಒಟ್ಟಿಗೆ ಬರುವುದಿಲ್ಲ. ಬೆನ್ನು ಏಳು ಇಂಚಿಗಿಂತ ಇಳಿದರೆ ಮುಂದಿನ ಕೊರಳನ್ನು ಕಿರಿದು ಮಾಡಬೇಕು, ಇಲ್ಲವೇ ಮೇಲೆ ಒಂದು ಡೋರಿ ಕಟ್ಟಬೇಕು. ಆ ಡೋರಿ ಬರೀ ಅಲಂಕಾರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಎರಡು ಭುಜವನ್ನು ಹಿಡಿದಿಡುವುದು ಅದೇ. ಅದರ ತುದಿಗೆ ಕಟ್ಟುವ ಲಟ್ಕನ್ ತೀರಾ ಭಾರ ಇದ್ದರೆ ಡೋರಿಯ ಗಂಟು ತಾನೇ ಸಡಿಲಾಗುತ್ತದೆ, ಕಳಶದ ಮುಂದೆ ಬಗ್ಗಿದಾಗ ಪಕ್ಕದವರು ಕಟ್ಟಬೇಕಾಗುತ್ತದೆ.

ಕಟಿಂಗ್ ವಿಷಯ ಚಿಕ್ಕದು. ಬ್ರೋಕೇಡಿನ ದೊಡ್ಡ ಹೂವು ಇದ್ದರೆ ಪ್ರಿನ್ಸೆಸ್ ಕಟ್ ಬೇಡ, ಹೂವಿನ ನಡುವೆಯೇ ಹೊಲಿಗೆ ಓಡುತ್ತದೆ. ಸಾದಾ ಬಟ್ಟೆಗೆ ಪ್ರಿನ್ಸೆಸ್ ಕಟ್ ಚೆನ್ನಾಗಿ ಕೂರುತ್ತದೆ.

ದಿನದ ಲೆಕ್ಕ

"ಯಾವತ್ತು ಕೊಡ್ತೀರ?" ಎಂದು ಕೇಳಿದರೆ ಯಾವ ಟೈಲರ್ ಆದರೂ ಹಬ್ಬದ ಹಿಂದಿನ ದಿನವನ್ನೇ ಹೇಳುತ್ತಾರೆ. ನಾನೂ ಹೇಳುತ್ತೇನೆ, ಸುಳ್ಳೇಕೆ? ಅದರ ಬದಲು "ಮಗ್ಗಕ್ಕೆ ಯಾವತ್ತು ಏರಿಸ್ತೀರ?" ಎಂದು ಕೇಳಿ. ತಡವಾಗುವುದು ಹೊಲಿಗೆಯಲ್ಲಲ್ಲ. ಲೈನಿಂಗ್ ಹಾಕಿದ ಒಂದು ಬ್ಲೌಸ್ ಹೊಲಿಯಲು ಕೈ ಪಳಗಿದವರಿಗೆ ಅರ್ಧ ದಿನ ಸಾಕು. ತಡವಾಗುವುದು ಸಾಲಿನಲ್ಲಿ. ನಮ್ಮಲ್ಲಿ ಮೂರು ಮಗ್ಗ ಇವೆ. ಒಂದು ಮಗ್ಗದ ಮೇಲೆ ಒಂದು ಸಲಕ್ಕೆ ಒಂದೇ ಬ್ಲೌಸ್.

ನಮ್ಮ ಅಂಗಡಿಯಲ್ಲಿ ಬಿಡುವಿನ ದಿನಗಳಲ್ಲಿ ವರ್ಕ್ ಇಲ್ಲದ ಲೈನಿಂಗ್ ಬ್ಲೌಸ್ 4ರಿಂದ 5 ದಿನಕ್ಕೆ ಕೊಡುತ್ತೇವೆ. ಶ್ರಾವಣದಲ್ಲಿ ಅದೇ 10 ದಿನ ಆಗುತ್ತದೆ. ಕಂಪ್ಯೂಟರ್ ಕೆಲಸ ಇದ್ದರೆ ಇನ್ನೂ 3 ದಿನ ಸೇರಿಸಿ. ಕೊರಳು ಮತ್ತು ತೋಳಿನ ತುದಿಗೆ ಸಣ್ಣ ಸಾಲಿನ ಆರಿ ಕೆಲಸ ಮಗ್ಗದ ಮೇಲೆಯೇ 2ರಿಂದ 3 ದಿನ ತೆಗೆದುಕೊಳ್ಳುತ್ತದೆ. ತೋಳು ತುಂಬ ಕೆಲಸ, ಬೆನ್ನಿಗೆ ದೊಡ್ಡ ಡಿಸೈನ್ ಇದ್ದರೆ 7ರಿಂದ 10 ದಿನ. ಇದರ ಮೇಲೆ ಸಾಲು, ಹೊಲಿಗೆ, ಟ್ರಯಲ್.

ಹಬ್ಬದಿಂದ ಹಿಂದಕ್ಕೆ ಎಣಿಸಿ ನೋಡೋಣ. ಹಬ್ಬ ಶುಕ್ರವಾರ. ಸರಿಪಡಿಸಲು ಎರಡು ದಿನ ಬೇಕು, ಅಂದರೆ ಮಂಗಳವಾರ ನೀವು ಹಾಕಿ ನೋಡಬೇಕು. ಅದಕ್ಕೆ ಭಾನುವಾರ, ಸೋಮವಾರ ಹೊಲಿಗೆ. ಭಾರದ ಕೆಲಸವಾದರೆ ಅದಕ್ಕೂ ಹಿಂದಿನ 10 ದಿನ ಬಟ್ಟೆ ಮಗ್ಗದ ಮೇಲಿರಬೇಕು. ಏರಿಸುವ ಮುಂಚೆ ಲೈನಿಂಗ್ ನೆನೆಸಿ, ಒಣಗಿಸಿ, ಕಚ್ಚಾ ಹೊಲಿಗೆ ಹಾಕಿ ನೋಡಲು 2 ದಿನ. ಅಲ್ಲಿಗೆ ಸಾಲು ಸೇರಿಸದೆಯೇ 17 ದಿನ ಆಯಿತು. ಸಾಲು ಒಂದು ವಾರ ಇದ್ದರೆ ಆಷಾಢದ ನಡುವಿನಲ್ಲೇ ಬಟ್ಟೆ ನಮ್ಮ ಕೈಗೆ ಬಂದಿರಬೇಕು. ಹಾಗಾಗಿ ಹಬ್ಬಕ್ಕೆ ನಾಲ್ಕು ವಾರ ಇದ್ದರೆ ಯಾವ ಡಿಸೈನ್ ಬೇಕಾದರೂ ತನ್ನಿ. ಎರಡು ವಾರ ಇದ್ದರೆ ಕಂಪ್ಯೂಟರ್ ಕೆಲಸ, ಇಲ್ಲವೇ ಅಳತೆಗೆ ಹೊಂದುವ ರೆಡಿ ಪೀಸು. ಹತ್ತು ದಿನ ಇದ್ದರೆ ಸೀರೆಯ ಪೀಸಿಗೆ ಪೈಪಿಂಗ್, ಅಥವಾ ಬ್ರೋಕೇಡ್. ಅದಕ್ಕೂ ಕಡಿಮೆ ಇದ್ದರೆ ಮನೆಯಲ್ಲಿರುವ ಒಳ್ಳೆಯ ಬ್ಲೌಸ್ ತನ್ನಿ, ಹೊಸ ಡೋರಿ ಹಾಕಿ, ಬದಿ ಬಿಚ್ಚಿ ಸರಿಮಾಡಿ ಸಂಜೆಗೇ ಕೊಡುತ್ತೇನೆ.

ಸೆರಗಿಗೆ ಕುಚ್ಚು ಹಾಕಿಸುವವರು ಒಂದು ನೆನಪಿಡಿ. ಬ್ಲೌಸ್ ಪೀಸು ಎಷ್ಟೋ ಸೀರೆಗಳಲ್ಲಿ ಸೆರಗಿನ ತುದಿಗೇ ಅಂಟಿಕೊಂಡು ಬಂದಿರುತ್ತದೆ. ಅದನ್ನು ಕತ್ತರಿಸಿ ಬೇರೆ ಮಾಡದೆ ಕುಚ್ಚು ಶುರುವಾಗುವುದಿಲ್ಲ. ಮೊದಲು ನಮ್ಮ ಹತ್ತಿರ ತನ್ನಿ, ಪೀಸು ತೆಗೆದುಕೊಂಡು ಅವತ್ತೇ ಸೀರೆ ವಾಪಸ್ ಕೊಡುತ್ತೇವೆ. ಕುಚ್ಚು, ಫಾಲ್ ಒಂದು ಕಡೆ ನಡೆಯಲಿ, ಬ್ಲೌಸ್ ಇನ್ನೊಂದು ಕಡೆ.

ಮತ್ತೆ ಬ್ಲೌಸ್ ಒಯ್ಯುವ ದಿನ ಕವರಿನಲ್ಲಿ ಇಣುಕಿ ನೋಡಿ ಹೊರಡಬೇಡಿ. ಒಳಗೆ ಹೋಗಿ ಹಾಕಿಕೊಳ್ಳಿ, ಹುಕ್ಕು ಎಲ್ಲ ಹಾಕಿ. ಎರಡೂ ಕೈ ಮೇಲೆತ್ತಿ, ಬಾಗಿಲಿಗೆ ತೋರಣ ಕಟ್ಟುವ ಹಾಗೆ. ಆಮೇಲೆ ಬಗ್ಗಿ, ರಂಗೋಲಿ ಹಾಕುವ ಹಾಗೆ. ಕೈ ಎತ್ತಿದಾಗ ಬ್ಲೌಸ್ ಪೂರ್ತಿ ಮೇಲೆ ಬಂದರೆ ಕಂಕುಳ ಕಟಿಂಗ್ ಕೆಳಗಿದೆ ಎಂದರ್ಥ, ಬಗ್ಗಿದಾಗ ಮುಂದಿನ ಕೊರಳು ಬಾಯಿ ಬಿಟ್ಟರೆ ಭುಜದಲ್ಲಿ ಕಾಲು ಇಂಚು ಹಿಡಿಯಬೇಕು. ಎರಡನೆಯದನ್ನು ಹತ್ತು ನಿಮಿಷದಲ್ಲಿ ನಿಮ್ಮ ಮುಂದೆಯೇ ಮಾಡಿಕೊಡುತ್ತೇನೆ. ಮೊದಲನೆಯದಕ್ಕೆ ತೋಳು ಬಿಚ್ಚಬೇಕು, ಆ ಮಂಗಳವಾರ ನಿಮ್ಮನ್ನು ಬರಹೇಳಿದ್ದು ಅದಕ್ಕೇ.